ಅರ್ತ್ ಮಾಡದ ಡೆಲ್ಟಾದಲ್ಲಿ ಅರ್ತ್ ಫಾಲ್ಟ್ ಹಿಡಿಯುವುದು ಹೇಗೆ: ಮೂರು ಬಲ್ಬ್, ಒಂದು ಮೀಟರ್

ಪ್ಯಾನೆಲ್ ಬಾಗಿಲ ಮೇಲೆ ಮೂರು ಬಲ್ಬ್ ಇವೆ, ಅದರಲ್ಲಿ ಒಂದು ಆರಿದೆ. ಮೋಟಾರ್‌ಗಳೆಲ್ಲ ಓಡ್ತಾ ಇವೆ, ಒಂದು ಬ್ರೇಕರ್ ಕೂಡ ಟ್ರಿಪ್ ಆಗಿಲ್ಲ, ಯಾರಿಂದಲೂ ದೂರಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಆ ಆರಿದ ಬಲ್ಬನ್ನು ಬಿಚ್ಚಿ ಹೊಸದು ಹಾಕುವುದು. ಹೊಸದೂ ಹತ್ತುವುದಿಲ್ಲ. "ಹೋಲ್ಡರ್ ಲೂಸ್ ಇರಬೇಕು, ನಾಳೆ ನೋಡೋಣ" ಅಂತ ಹೋಗಿಬಿಡುತ್ತಾರೆ. ನಾನೂ ಶುರುವಿನ ದಿನಗಳಲ್ಲಿ ಹೀಗೇ ಮಾಡಿದ್ದೇನೆ, ಅದೂ ಎರಡು ಸಲ.

ಆವತ್ತು ನಾನು ನೋಡಬೇಕಿದ್ದದ್ದು ಆರಿದ ಬಲ್ಬನ್ನಲ್ಲ, ಪಕ್ಕದ ಎರಡನ್ನು. ಅವೆರಡೂ ಎಂದಿಗಿಂತ ಜೋರಾಗಿ ಉರಿಯುತ್ತಿದ್ದವು. ಈ ಬರಹದುದ್ದಕ್ಕೂ ಮತ್ತೆ ಮತ್ತೆ ಬರುವ ಮಾತು ಇದೇ. ಕಡಿಮೆಯಾದ ಫೇಸ್ ಒಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ, ಏರಿದ ಫೇಸ್‌ಗಳನ್ನೂ ನೋಡಿದಾಗಲೇ ಪೂರ್ತಿ ತಿಳಿಯುವುದು.

ಇಲ್ಲಿನ ಲೆಕ್ಕವೆಲ್ಲ 415 ವೋಲ್ಟ್ ಸಿಸ್ಟಮ್‌ಗೆ. ನಿಮ್ಮದು 480 ಆಗಿದ್ದರೆ ರೀಡಿಂಗ್‌ಗಳಲ್ಲಿ 415 ಇರುವಲ್ಲಿ 480, 240 ಇರುವಲ್ಲಿ 277 ಅಂತ ಓದಿಕೊಳ್ಳಿ, ಉಳಿದ ರೀಡಿಂಗ್‌ಗಳೂ ಅದೇ ಪ್ರಮಾಣದಲ್ಲಿ ಏರುತ್ತವೆ. ಇನ್ನೊಂದು ಮಾತು. ಇದು ಲೈವ್ ಪ್ಯಾನೆಲ್ ಮುಂದೆ ಮಾಡುವ ಕೆಲಸ. ಆ ಅಭ್ಯಾಸ, ಗ್ಲೌಸ್, ಸರಿಯಾದ ಮೀಟರ್ ಇಲ್ಲದವರು ಓದಿ ತಿಳಿದುಕೊಳ್ಳಿ, ಕೈ ಮಾತ್ರ ಹಾಕಬೇಡಿ.

## ಅರ್ತ್‌ಗೆ ಜೋಡಿಸದಿದ್ದರೂ 240 ಯಾಕೆ ಬರುತ್ತದೆ

ಡೆಲ್ಟಾ ವೈಂಡಿಂಗ್‌ಗೆ ನ್ಯೂಟ್ರಲ್ ಪಾಯಿಂಟ್ ಇಲ್ಲ, ಅರ್ತ್‌ಗೆ ಎಲ್ಲೂ ತಂತಿ ಹೋಗಿಲ್ಲ. ಹಾಗಾದರೆ ಒಂದು ಫೇಸ್‌ನಿಂದ ಅರ್ತ್‌ಗೆ ಮೀಟರ್ ಇಟ್ಟರೆ ಸೊನ್ನೆ ಬರಬೇಕಲ್ವಾ? ಬರುವುದಿಲ್ಲ, ಸುಮಾರು 240 ಬರುತ್ತದೆ. ಕೇಬಲ್‌ನ ತಾಮ್ರ ಮತ್ತು ಅದರ ಹೊರಗಿನ ಆರ್ಮರ್, ಮೋಟಾರ್‌ನ ವೈಂಡಿಂಗ್ ಮತ್ತು ಅದರ ಬಾಡಿ, ಇವುಗಳ ನಡುವೆ ಇನ್ಸುಲೇಷನ್ ಇದೆ ಅಂದರೆ ಅಲ್ಲೊಂದು ಸಣ್ಣ ಕೆಪಾಸಿಟರ್ ಇದೆ ಅಂತಲೇ ಅರ್ಥ. ಇಡೀ ಸಿಸ್ಟಮ್‌ನಲ್ಲಿ ಇಂಥವು ನೂರಾರು. ಮೂರೂ ಫೇಸ್‌ಗಳಿಗೆ ಇವು ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗಿರುವುದರಿಂದ ಅರ್ತ್ ತಾನಾಗಿಯೇ ಮೂರೂ ಫೇಸ್‌ಗಳ ನಟ್ಟನಡುವೆ ಬಂದು ನಿಲ್ಲುತ್ತದೆ. ಯಾರೂ ಕಟ್ಟಿಹಾಕಿಲ್ಲ, ಆದರೂ ನಡುವೆ ನಿಂತಿದೆ. 415ನ್ನು 1.732ರಿಂದ ಭಾಗಿಸಿದರೆ 240.

ಈಗ ಆರ್ ಫೇಸ್‌ನ ತಂತಿ ಎಲ್ಲೋ ಬಾಡಿಗೆ ತಾಗಿತು ಅಂದುಕೊಳ್ಳಿ. ನಡುವೆ ನಿಂತಿದ್ದ ಅರ್ತ್ ಹೋಗಿ ಆರ್ ಮೂಲೆಗೆ ಅಂಟಿಕೊಳ್ಳುತ್ತದೆ. ಆರ್‌ನಿಂದ ಅರ್ತ್‌ಗೆ ಸೊನ್ನೆ. ವೈ ಮತ್ತು ಬಿ ಫೇಸ್‌ಗಳಿಂದ ಅರ್ತ್‌ಗೆ ಈಗ 240 ಅಲ್ಲ, ಪೂರ್ತಿ 415. ಫೇಸ್‌ನಿಂದ ಫೇಸ್‌ಗೆ ಇರುವ ವೋಲ್ಟೇಜ್ ಮಾತ್ರ ಸ್ವಲ್ಪವೂ ಅಲ್ಲಾಡುವುದಿಲ್ಲ, ಅದಕ್ಕೇ ಮೋಟಾರ್‌ಗಳಿಗೆ ಏನೂ ಗೊತ್ತಾಗುವುದಿಲ್ಲ. ತಾಗಿದ ಜಾಗದಲ್ಲಿ ಹರಿಯುವುದು ಆ ಸಣ್ಣ ಕೆಪಾಸಿಟರ್‌ಗಳ ಕರೆಂಟ್ ಅಷ್ಟೇ. ಅದಕ್ಕೆ ಬ್ರೇಕರ್ ಬೀಳುವುದಿಲ್ಲ.

ಪ್ರೊಡಕ್ಷನ್ ನಿಲ್ಲುವುದಿಲ್ಲ ಅನ್ನುವುದೇ ಈ ಸಿಸ್ಟಮ್‌ನ ಲಾಭ. ತೊಂದರೆಯೂ ಅದೇ. ಆರ್ ಫೇಸ್ ಬಾಡಿಗೆ ತಾಗಿದ್ದು ಹಾಗೇ ಉಳಿದು, ಮುಂದಿನ ತಿಂಗಳು ಇನ್ನೆಲ್ಲೋ ಬಿ ಫೇಸ್ ತಾಗಿದರೆ, ಅದು ಅರ್ತ್ ಮೂಲಕ ಆಗುವ ನೇರ ಫೇಸ್ ಟು ಫೇಸ್ ಶಾರ್ಟ್. ಅಷ್ಟು ದಿನ ಉಳಿದೆರಡು ಫೇಸ್‌ಗಳ ಇನ್ಸುಲೇಷನ್ 240ರ ಬದಲು 415 ಹೊತ್ತುಕೊಂಡಿರುತ್ತದಲ್ಲ, ಹಾಗಾಗಿ ಎರಡನೇ ಫಾಲ್ಟ್ ಬೇಗ ಬರುವ ಸಾಧ್ಯತೆಯೂ ಜಾಸ್ತಿ. ತಾಗಿ ಬಿಟ್ಟು, ತಾಗಿ ಬಿಟ್ಟು ಕಿಡಿ ಹಾರುವ ಫಾಲ್ಟ್ ಆದರಂತೂ ಅರ್ತ್‌ಗೆ ಇರುವ ವೋಲ್ಟೇಜ್ ಮಾಮೂಲಿನ ಹಲವು ಪಟ್ಟು ಚಿಮ್ಮುತ್ತದೆ. ಮೀಟರ್ ಆರಿಸುವಾಗ ಇದು ನೆನಪಿರಲಿ. ಕ್ಯಾಟ್ 3, 1000 ವೋಲ್ಟ್ ರೇಟಿಂಗ್‌ಗಿಂತ ಕಡಿಮೆಯದನ್ನು ನಾನು ಈ ಕೆಲಸಕ್ಕೆ ಮುಟ್ಟುವುದಿಲ್ಲ.

## ಮೊದಲ ಹಂತ: ಸಿಸ್ಟಮ್ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರು ಫಜೀತಿ ಪಟ್ಟಿದ್ದನ್ನು ನೋಡಿದ್ದೇನೆ. ಕೆಲವು ಡೆಲ್ಟಾಗಳಲ್ಲಿ ಬೇಕೆಂದೇ ಒಂದು ಮೂಲೆಯನ್ನು ಅರ್ತ್ ಮಾಡಿರುತ್ತಾರೆ. ಅಲ್ಲಿ ಮೀಟರ್ ಇಟ್ಟರೆ ಒಂದು ಫೇಸ್ ಸೊನ್ನೆ, ಉಳಿದೆರಡು 415, ಪಕ್ಕಾ ಅರ್ತ್ ಫಾಲ್ಟ್ ತೋರಿಸುವ ರೀಡಿಂಗೇ. ಅದು ಫಾಲ್ಟ್ ಅಲ್ಲ, ಅದರ ಹುಟ್ಟುಗುಣ. ಟ್ರಾನ್ಸ್‌ಫಾರ್ಮರ್‌ನ ನೇಮ್‌ಪ್ಲೇಟ್ ನೋಡಿ, ಸೆಕೆಂಡರಿ ಬುಷಿಂಗ್‌ಗಳಿಂದ ಅರ್ತ್ ಬಸ್‌ಗೆ ತಂತಿ ಅಥವಾ ಪಟ್ಟಿ ಏನಾದರೂ ಹೋಗಿದೆಯಾ ಅಂತ ಕಣ್ಣಾರೆ ನೋಡಿ. ಡ್ರಾಯಿಂಗ್ ಒಂದನ್ನೇ ನಂಬಬೇಡಿ.

## ಎರಡನೇ ಹಂತ: ಬಲ್ಬ್ ಸೆಟ್ ಜೋಡಿಸುವುದು

ಜೋಡಣೆ ಸುಲಭ. ಮೂರು ಫೇಸ್‌ಗಳಿಂದ ಮೂರು ಕಾಲು ಇಳಿಯುತ್ತವೆ, ಪ್ರತಿ ಕಾಲಲ್ಲೂ ಒಂದು ಸಣ್ಣ ಎಚ್‌ಆರ್‌ಸಿ ಫ್ಯೂಸ್, ಆಮೇಲೆ ಬಲ್ಬ್. ಮೂರರ ಇನ್ನೊಂದು ತುದಿ ಒಂದೆಡೆ ಸೇರುತ್ತದೆ, ಆ ಸ್ಟಾರ್ ಪಾಯಿಂಟ್ ಅರ್ತ್‌ಗೆ ಹೋಗುತ್ತದೆ.

ತಪ್ಪು ಆಗುವುದು ಬಲ್ಬ್ ಆರಿಸುವಲ್ಲಿ. ಪ್ರತಿ ಕಾಲಿಗೆ ಮಾಮೂಲಿ ದಿನ 240 ಬೀಳುತ್ತದೆ ಅಂತ ಒಂದೊಂದೇ 240 ವೋಲ್ಟ್ ಬಲ್ಬ್ ಹಾಕಿದರೆ, ಫಾಲ್ಟ್ ಬಂದ ಕ್ಷಣ ಎರಡು ಬಲ್ಬ್‌ಗೆ 415 ಬಿದ್ದು ಸುಟ್ಟುಹೋಗುತ್ತವೆ. ಮೂರೂ ಆರಿದ ಪ್ಯಾನೆಲ್ ನೋಡಿ ನೀವು ಪವರ್ ಹೋಗಿದೆ ಅಂದುಕೊಳ್ಳುತ್ತೀರಿ. ಆದ್ದರಿಂದ ಪ್ರತಿ ಕಾಲಲ್ಲೂ 240 ವೋಲ್ಟಿನ ಎರಡು ಬಲ್ಬ್ ಸೀರೀಸ್‌ನಲ್ಲಿ ಹಾಕಿ. ಆಗ ಮಾಮೂಲಿ ದಿನ ಪ್ರತಿ ಬಲ್ಬ್‌ಗೆ 120, ಫಾಲ್ಟ್ ದಿನ 207. ಫಿಲಮೆಂಟ್ ಬಲ್ಬ್‌ನ ಬೆಳಕು ವೋಲ್ಟೇಜ್ ಜೊತೆ ಬಹಳ ಕಡಿದಾಗಿ ಏರುತ್ತದೆ. 120ರಲ್ಲಿ ಕೆಂಪಗೆ ಮಂಕಾಗಿದ್ದದ್ದು 207ರಲ್ಲಿ ಸುಮಾರು ಆರು ಪಟ್ಟು ಬೆಳಗುತ್ತದೆ. ದೂರದಿಂದಲೇ ಗೊತ್ತಾಗಿಬಿಡುತ್ತದೆ.

ಆರೂ ಬಲ್ಬ್ ಒಂದೇ ವ್ಯಾಟ್, ಸಾಧ್ಯವಾದರೆ ಒಂದೇ ಕಂಪನಿಯವು ಇರಲಿ. ಸೀರೀಸ್‌ನಲ್ಲಿ ಒಂದು 15, ಒಂದು 60 ಸೇರಿದರೆ ಹೆಚ್ಚುಕಡಿಮೆ ಇಡೀ ವೋಲ್ಟೇಜ್ 15ರ ಮೇಲೇ ಬೀಳುತ್ತದೆ. ಎಲ್‌ಇಡಿ ಬಲ್ಬ್ ಬೇಡವೇ ಬೇಡ. ಒಳಗೆ ಡ್ರೈವರ್ ಇರುವ ಎಲ್‌ಇಡಿ 120 ಬಂದರೂ 240 ಬಂದರೂ ಒಂದೇ ಬೆಳಕು ಕೊಡುತ್ತದೆ, ನಮಗೆ ಬೇಕಿರುವುದೇ ಆ ವ್ಯತ್ಯಾಸ. ಫ್ಯೂಸ್ ಆದ ಹಳೇ ಬಲ್ಬ್ ಬದಲು "ಇದು ಉಳಿತಾಯ" ಅಂತ ಒಂದೇ ಒಂದು ಎಲ್‌ಇಡಿ ಸಿಕ್ಕಿಸಿದ ಪ್ಯಾನೆಲ್ ಕೂಡ ನೋಡಿದ್ದೇನೆ. ಅದು ಫಾಲ್ಟ್ ಇರಲಿ ಬಿಡಲಿ ಸದಾ ನಗುತ್ತಿತ್ತು.

ವ್ಯಾಟ್ ಎಷ್ಟು? ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ದೊಡ್ಡ ಬಲ್ಬ್ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ಬಲ್ಬ್‌ಗಳೂ ಫೇಸ್‌ನಿಂದ ಅರ್ತ್‌ಗೆ ಇರುವ ದಾರಿಗಳೇ. ಬಲ್ಬ್ ದೊಡ್ಡದಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆ, ಅರ್ತನ್ನು ಅಷ್ಟು ಬಿಗಿಯಾಗಿ ನಡುವೆ ಹಿಡಿದಿಡುತ್ತದೆ. ಹಿಡಿತ ಬಿಗಿಯಾದರೆ ಸಣ್ಣ ಫಾಲ್ಟ್‌ಗೆ ಅದನ್ನು ಎಳೆಯಲು ಆಗುವುದಿಲ್ಲ.

ಲೆಕ್ಕ ನೋಡಿ. ಆರ್ ಫೇಸ್‌ನಲ್ಲಿ ಒದ್ದೆಯಾದ ಕನೆಕ್ಷನ್ ಒಂದಿದೆ, ಅರ್ತ್‌ಗೆ 5000 ಓಮ್. ಕೇಬಲ್‌ಗಳು ಚಿಕ್ಕವು, ಕೆಪಾಸಿಟರ್ ಪರಿಣಾಮ ಬಿಟ್ಟುಬಿಡೋಣ. 60 ವ್ಯಾಟ್ ಬಲ್ಬ್‌ಗಳ ಸೆಟ್ ಇದ್ದರೆ ಆರ್ ಸುಮಾರು 220ಕ್ಕೆ ಇಳಿದು, ವೈ ಮತ್ತು ಬಿ 250ಕ್ಕೆ ಏರುತ್ತವೆ. ಕಣ್ಣಿಗೆ ಮೂರೂ ಒಂದೇ ಅನ್ನಿಸುವ ಸಾಧ್ಯತೆಯೇ ಹೆಚ್ಚು. ಅದೇ ಜಾಗದಲ್ಲಿ 15 ವ್ಯಾಟ್ ಬಲ್ಬ್ ಇದ್ದರೆ ಆರ್ ಸುಮಾರು 175, ಉಳಿದೆರಡು 278ರ ಹತ್ತಿರ. ಇದು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ 15 ವ್ಯಾಟ್ ಹಾಕಿ. ಇದೇ ಕಾರಣಕ್ಕೆ ಒಂದೇ ಟ್ರಾನ್ಸ್‌ಫಾರ್ಮರ್‌ನ ಕೆಳಗಿರುವ ಐದಾರು ಪ್ಯಾನೆಲ್‌ಗಳಿಗೂ ಒಂದೊಂದು ಬಲ್ಬ್ ಸೆಟ್ ಇಡಬೇಡಿ, ಎಲ್ಲ ಸೇರಿ ಅರ್ತನ್ನು ಹಿಡಿದುಕೊಳ್ಳುತ್ತವೆ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಒಂದೇ ಸೆಟ್ ಸಾಕು.

ಇನ್ನೊಂದು ಭಾಗ ಇದೆ, ಇದಕ್ಕೆ ಖರ್ಚು ಕಡಿಮೆ, ಉಪಯೋಗ ಜಾಸ್ತಿ. ಸ್ಟಾರ್ ಪಾಯಿಂಟ್‌ನಿಂದ ಅರ್ತ್‌ಗೆ ಹೋಗುವ ತಂತಿಯಲ್ಲಿ ಒಂದು ಪುಶ್ ಬಟನ್ ಹಾಕಿ, ಒತ್ತಿದಾಗ ತಂತಿ ಕಟ್ ಆಗುವಂಥದ್ದು, ಅಂದರೆ ಎನ್‌ಸಿ ಕಾಂಟ್ಯಾಕ್ಟ್. ಒತ್ತಿದಾಗ ಬಲ್ಬ್‌ಗಳಿಗೂ ಅರ್ತ್‌ಗೂ ಸಂಬಂಧ ತಪ್ಪುತ್ತದೆ, ಬರೀ ಮೂರು ಫೇಸ್‌ಗಳ ನಡುವಿನ ಸ್ಟಾರ್ ಉಳಿಯುತ್ತದೆ. ಫಾಲ್ಟ್ ಇದ್ದರೂ ಆಗ ಮೂರೂ ಸಮನಾಗಿ ಉರಿಯಬೇಕು. ಒತ್ತಿದಾಗ ಸಮನಾಗಿ, ಬಿಟ್ಟಾಗ ಒಂದು ಆರಿ ಎರಡು ಜೋರಾದರೆ ಫಾಲ್ಟ್ ನಿಜ. ಒತ್ತಿದಾಗಲೂ ಆ ಒಂದು ಹತ್ತದೇ ಇದ್ದರೆ ಬಲ್ಬೋ ಫ್ಯೂಸೋ ಹೋಗಿದೆ. ನನ್ನ ಆ ಎರಡು ಸಲದ ಬಲ್ಬ್ ಬದಲಾಯಿಸುವ ಕಸರತ್ತನ್ನು ಈ ಒಂದು ಬಟನ್ ಉಳಿಸುತ್ತಿತ್ತು.

## ಮೂರನೇ ಹಂತ: ಸರಿ ಇರುವ ದಿನವೇ ರೀಡಿಂಗ್ ಬರೆದಿಡಿ

ಕೇಬಲ್ ಉದ್ದ, ಸಿಂಗಲ್ ಫೇಸ್ ಲೋಡ್‌ಗಳು, ಡ್ರೈವ್‌ಗಳ ಒಳಗಿನ ಫಿಲ್ಟರ್, ಇವುಗಳಿಂದ ಆರೋಗ್ಯವಾಗಿರುವ ಸಿಸ್ಟಮ್‌ನಲ್ಲೂ ಮೂರು ರೀಡಿಂಗ್ ಸಮ ಬರುವುದು ಅಪರೂಪ. 236, 243, 241 ಅಂತ ಬಂದರೆ ಗಾಬರಿ ಬೇಡ. ಆದರೆ ಅದು ನಿಮ್ಮ ಪ್ಯಾನೆಲ್‌ನ ಮಾಮೂಲಿ ಅಂತ ಗೊತ್ತಿರಬೇಕಾದರೆ ಮೊದಲೇ ಬರೆದಿಟ್ಟಿರಬೇಕು. ಆರು ರೀಡಿಂಗ್: ಆರ್-ಅರ್ತ್, ವೈ-ಅರ್ತ್, ಬಿ-ಅರ್ತ್, ಮತ್ತೆ ಆರ್-ವೈ, ವೈ-ಬಿ, ಬಿ-ಆರ್. ಪ್ಯಾನೆಲ್ ಬಾಗಿಲ ಒಳಮೈಗೆ ತಾರೀಖಿನ ಜೊತೆ ಅಂಟಿಸಿ.

ಅದೇ ದಿನ ಫೇಸ್ ಸೀಕ್ವೆನ್ಸ್ ಮೀಟರ್ ಇಟ್ಟು ಕ್ರಮ ನಿಜಕ್ಕೂ ಆರ್, ವೈ, ಬಿ ಇದೆಯಾ ಅಂತಲೂ ನೋಡಿಬಿಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದೇ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಫೇಸ್‌ನಿಂದ ಅರ್ತ್‌ಗೆ ಮುಟ್ಟಿಸಿ ನೋಡುವವರಿದ್ದಾರೆ. ಚಿಕ್ಕ ಸಿಸ್ಟಮ್‌ನಲ್ಲಿ ಇದು ಮೋಸ. ಮುಟ್ಟಿಸಿದ ಫೇಸನ್ನು ಆ ಲ್ಯಾಂಪೇ ಅರ್ತ್ ಕಡೆಗೆ ಎಳೆಯುತ್ತದೆ, ಹಾಗಾಗಿ ಮೂರರಲ್ಲೂ ಮಂಕಾಗಿಯೇ ಉರಿಯುತ್ತದೆ. ಲೋ ಇಂಪೀಡೆನ್ಸ್ ಮೋಡ್ ಇರುವ ಮೀಟರ್‌ಗಳೂ ಇದೇ ಆಟ ಆಡುತ್ತವೆ. ಮಾಮೂಲಿ ಡಿಜಿಟಲ್ ಮಲ್ಟಿಮೀಟರ್ ಇಟ್ಟು, ಬಲ್ಬ್ ಸೆಟ್ ಲೈನ್‌ನಲ್ಲೇ ಇರುವಾಗ ರೀಡಿಂಗ್ ತೆಗೆಯಿರಿ.

## ನಾಲ್ಕನೇ ಹಂತ: ರೀಡಿಂಗ್ ಓದುವುದು

ಒಂದು ಸೊನ್ನೆಯ ಹತ್ತಿರ, ಎರಡು 415ರ ಹತ್ತಿರ: ಸೊನ್ನೆಯಾದ ಫೇಸ್ ಗಟ್ಟಿಯಾಗಿ ಅರ್ತ್ ಆಗಿದೆ. ಇದರಲ್ಲಿ ಗೊಂದಲ ಇಲ್ಲ.

ಒಂದು ಬಲ್ಬ್ ಆರಿದೆ, ಉಳಿದೆರಡು ಜೋರಾಗಿಲ್ಲ, ಮಾಮೂಲಿನಂತೆ ಇವೆ ಅಥವಾ ಇನ್ನೂ ಸ್ವಲ್ಪ ಮಂಕಾಗಿವೆ: ಬಲ್ಬ್ ಅಥವಾ ಫ್ಯೂಸ್ ಹೋಗಿದೆ. ಆ ಕಾಲಿನ ಹಿಡಿತ ತಪ್ಪಿದ್ದರಿಂದ ಅರ್ತ್ ಉಳಿದೆರಡು ಫೇಸ್‌ಗಳ ಕಡೆಗೆ ವಾಲುತ್ತದೆ. ಕೇಬಲ್ ಚಿಕ್ಕದಿರುವ ಕಡೆ ಅವೆರಡು 207ರವರೆಗೂ ಇಳಿದು, ಬಲ್ಬ್ ಆರಿದ ಫೇಸ್ ಮೀಟರ್‌ನಲ್ಲಿ 360ರವರೆಗೂ ತೋರಿಸಬಹುದು. ಬಲ್ಬ್ ಆರಿದೆ, ಮೀಟರ್ ಅದೇ ಫೇಸ್‌ನಲ್ಲಿ ಜಾಸ್ತಿ ತೋರಿಸುತ್ತಿದೆ ಅಂದರೆ ಅದು ಅರ್ತ್ ಫಾಲ್ಟ್ ಅಲ್ಲ. ದೊಡ್ಡ ಸಿಸ್ಟಮ್‌ನಲ್ಲಿ ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್ ಮೂಲಕ ಬಲ್ಬ್ ಕೊಟ್ಟಿದ್ದರೂ ಇದೇ ಪರೀಕ್ಷೆ: ಒಂದು ಬಿದ್ದಾಗ ಎರಡು ಏರಬೇಕು, ಏರಿಲ್ಲ ಅಂದರೆ ಮೊದಲು ಫ್ಯೂಸ್ ನೋಡಿ.

ಮೂರನೆಯದು ಕಷ್ಟದ್ದು. ಈ ಮೂರು ಸಂಖ್ಯೆ ನೋಡಿ: ಆರ್ 215, ವೈ 202, ಬಿ 347. ಯಾವ ಫೇಸ್‌ನಲ್ಲಿ ಫಾಲ್ಟ್? ಕಡಿಮೆ ಇರುವುದು ವೈ, ಆದ್ದರಿಂದ ವೈ ಅಂತ ಹತ್ತರಲ್ಲಿ ಒಂಬತ್ತು ಜನ ಹೇಳುತ್ತಾರೆ. ತಪ್ಪು. ಫಾಲ್ಟ್ ಇರುವುದು ಆರ್‌ನಲ್ಲಿ.

ಹೇಗೆ ಅಂದರೆ, ಫಾಲ್ಟ್ ಗಟ್ಟಿಯಾಗಿಲ್ಲದೆ ಮಧ್ಯೆ ಸ್ವಲ್ಪ ರೆಸಿಸ್ಟೆನ್ಸ್ ಇದ್ದು, ಸಿಸ್ಟಮ್‌ನ ಅರ್ತ್ ದಾರಿ ಹೆಚ್ಚಾಗಿ ಕೇಬಲ್‌ನ ಕೆಪಾಸಿಟರ್‌ಗಳೇ ಆಗಿದ್ದಾಗ, ಅರ್ತ್ ನಡುವಿನಿಂದ ಆರ್ ಮೂಲೆಗೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಅರ್ಧ ವೃತ್ತದಲ್ಲಿ ಸುತ್ತಿ ಹೋಗುತ್ತದೆ, ಹಾಗೆ ಹೋಗುವಾಗ ದಾರಿಯಲ್ಲಿ ವೈ ಕಡೆಗೆ ವಾಲುತ್ತದೆ. ಫಾಲ್ಟ್ ರೆಸಿಸ್ಟೆನ್ಸ್ ಒಟ್ಟು ಕೆಪಾಸಿಟರ್‌ಗಳ ರಿಯಾಕ್ಟೆನ್ಸ್‌ನ ಸುಮಾರು 1.7 ಪಟ್ಟಿಗಿಂತ ಜಾಸ್ತಿ ಇರುವಷ್ಟೂ ಹೊತ್ತು ವೈ ರೀಡಿಂಗೇ ಆರ್‌ಗಿಂತ ಕಡಿಮೆ ಇರುತ್ತದೆ. ಮೇಲಿನ ಮೂರು ಸಂಖ್ಯೆ ಎರಡು ಪಟ್ಟು ಇದ್ದಾಗ ಬರುವಂಥವು. ಅರ್ತ್ ಫಾಲ್ಟ್ ಆದರೆ ಹರಿಯುವ ಕೆಪಾಸಿಟರ್ ಕರೆಂಟ್ ಅರ್ಧ ಆಂಪ್ ಇರುವ ಸಿಸ್ಟಮ್‌ನಲ್ಲಿ ಆ ರಿಯಾಕ್ಟೆನ್ಸ್ 480 ಓಮ್, ಫಾಲ್ಟ್ 960 ಓಮ್. ಅಂದರೆ ಇದು ಅಪರೂಪದ ಲೆಕ್ಕವೇನಲ್ಲ, ನೀರು ಹೊಕ್ಕ ಟರ್ಮಿನಲ್ ಬಾಕ್ಸ್‌ನಲ್ಲಿ ಸಲೀಸಾಗಿ ಬರುವ ರೆಸಿಸ್ಟೆನ್ಸ್.

ಇದನ್ನು ಬಿಡಿಸುವ ದಾರಿ ಮತ್ತೆ ಏರಿದ ಫೇಸನ್ನು ನೋಡುವುದೇ. ಎಲ್ಲಕ್ಕಿಂತ ಎತ್ತರದ ಫೇಸ್ ಹಿಡಿಯಿರಿ, ಸೀಕ್ವೆನ್ಸ್‌ನಲ್ಲಿ ಅದರ ಮುಂದಿನ ಫೇಸ್‌ನಲ್ಲಿ ಫಾಲ್ಟ್ ಇದೆ. ಎತ್ತರದ್ದು ಬಿ, ಆರ್-ವೈ-ಬಿ ಆದಮೇಲೆ ಮತ್ತೆ ಆರ್, ಹಾಗಾಗಿ ಆರ್. ಎತ್ತರದ್ದು ಆರ್ ಆಗಿದ್ದರೆ ಫಾಲ್ಟ್ ವೈನಲ್ಲಿ. ಎತ್ತರದ್ದು ವೈ ಆದರೆ ಬಿನಲ್ಲಿ. ಸೀಕ್ವೆನ್ಸ್ ತಪ್ಪಾಗಿ ತಿಳಿದಿದ್ದರೆ ಈ ಉತ್ತರವೂ ತಪ್ಪುತ್ತದೆ, ಅದಕ್ಕೇ ಮೊದಲೇ ನೋಡಿಡಿ ಅಂದದ್ದು. ಎತ್ತರದ ಫೇಸ್ ಲೈನ್ ವೋಲ್ಟೇಜನ್ನೂ ಸ್ವಲ್ಪ ದಾಟಿ 437ರವರೆಗೆ ಹೋಗಬಹುದು. ಮೀಟರ್ ಕೆಟ್ಟಿದೆ ಅಂತ ಎಸೆಯಬೇಡಿ.

ಬಲ್ಬ್ ಸೆಟ್ ಲೈನ್‌ನಲ್ಲಿದ್ದು, ಕೇಬಲ್ ಕಡಿಮೆ ಇದ್ದರೆ ಅರ್ತ್ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸರಿಯುತ್ತದೆ, ಆಗ ಕಡಿಮೆಯಾದ ಫೇಸೇ ಫಾಲ್ಟ್ ಫೇಸ್. ಉದ್ದುದ್ದ ಕೇಬಲ್ ಇರುವಲ್ಲಿ ಹುಷಾರು.

## ಐದನೇ ಹಂತ: ಎಲ್ಲಿದೆ ಅಂತ ಹುಡುಕುವುದು

ಇಲ್ಲಿಯವರೆಗೆ ಗೊತ್ತಾದದ್ದು ಯಾವ ಫೇಸ್ ಅಂತ ಮಾತ್ರ. ಬಲ್ಬ್ ಎಲ್ಲಿ ಅಂತ ಹೇಳುವುದಿಲ್ಲ. ಫೀಡರ್‌ಗಳನ್ನು ಆಫ್ ಮಾಡುತ್ತಾ ಹೋಗಬೇಕು, ಆಫ್ ಮಾಡಿದ ಕ್ಷಣ ಮೂರೂ ಬಲ್ಬ್ ಸಮ ಆದರೆ ಫಾಲ್ಟ್ ಆ ಫೀಡರ್‌ನಲ್ಲಿ. ಕೇಳಲಿಕ್ಕೆ ಇಷ್ಟೇ. ಒಂದು ರಾತ್ರಿಯ ಕೆಲಸವನ್ನು ಹಾಗೇ ಹೇಳುತ್ತೇನೆ, ಎಲ್ಲಿ ಎಡವುತ್ತೇವೆ ಅಂತ ಅದರಲ್ಲೇ ಗೊತ್ತಾಗುತ್ತದೆ.

415 ವೋಲ್ಟ್ ಪ್ಯಾನೆಲ್, ಆರು ಫೀಡರ್, ಬಾಗಿಲ ಮೇಲೆ ಹಳೇ ಕಾಲದ 60 ವ್ಯಾಟ್ ಬಲ್ಬ್ ಸೆಟ್. ಆರ್ ಪೂರ್ತಿ ಆರಿದೆ, ಉಳಿದೆರಡು ಜೋರು. ಬಟನ್ ಇರಲಿಲ್ಲ, ಮೀಟರ್ ಇಟ್ಟೆವು: ಆರ್ 6, ವೈ 412, ಬಿ 416. ಫೇಸ್‌ಗಳ ನಡುವೆ ಮೂರೂ 415ರ ಆಸುಪಾಸು. ಗಟ್ಟಿ ಫಾಲ್ಟ್, ಆರ್‌ನಲ್ಲಿ.

ಶಿಫ್ಟ್‌ನವರನ್ನು ಕೇಳಿಕೊಂಡು ಒಂದನೇ ಫೀಡರ್ ಆಫ್ ಮಾಡಿದೆವು, ಬಲ್ಬ್ ನೋಡಿದೆವು, ಬದಲಾವಣೆ ಇಲ್ಲ, ಮತ್ತೆ ಆನ್. ಎರಡು, ಮೂರು, ನಾಲ್ಕು, ಐದು, ಆರು. ಎಲ್ಲ ಮುಗಿಯಿತು, ಆರ್ ಬಲ್ಬ್ ಹತ್ತಲೇ ಇಲ್ಲ. ನನ್ನ ಜೊತೆ ಇದ್ದ ಹುಡುಗ "ಸಾರ್, ಹಾಗಾದ್ರೆ ಟ್ರಾನ್ಸ್‌ಫಾರ್ಮರ್‌ದೇ ಇರ್ಬೇಕು" ಅಂದ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ. ಟ್ರಾನ್ಸ್‌ಫಾರ್ಮರ್ ಅಂದರೆ ಇಡೀ ಪ್ಲಾಂಟ್ ನಿಲ್ಲಿಸಬೇಕು.

ಅದಕ್ಕೂ ಮುಂಚೆ ಇನ್ನೊಂದು ಸುತ್ತು ಹಾಕೋಣ, ಈ ಸಲ ಬಲ್ಬ್ ಬೇಡ, ಮೀಟರ್ ನೋಡೋಣ ಅಂತ ಆರ್-ಅರ್ತ್‌ಗೆ ಪ್ರೋಬ್ ಹಿಡಿದು ಕೂತೆ. ಒಂದನೇದು ಆಫ್, 6 ಇದ್ದದ್ದು 6. ಎರಡನೇದು ಆಫ್ ಮಾಡಿದಾಗ 68 ಆಯಿತು. ವೈ 352, ಬಿ 366. ಬಲ್ಬ್ ನೋಡಿದರೆ ಆರಿಯೇ ಇದೆ. ಯಾಕೆಂದರೆ 68 ವೋಲ್ಟ್ ಎರಡು ಬಲ್ಬ್‌ಗೆ ಹಂಚಿದರೆ ಒಂದಕ್ಕೆ 34. ಟ್ಯೂಬ್‌ಲೈಟ್ ಇರುವ ರೂಮಿನಲ್ಲಿ 34 ವೋಲ್ಟ್ ಸಿಕ್ಕ 240ರ ಬಲ್ಬ್ ಹತ್ತಿದೆಯೋ ಇಲ್ಲವೋ ಅಂತ ಹೇಳಲು ಸಾಧ್ಯವೇ ಇಲ್ಲ. ಬೊಗಸೆ ಅಡ್ಡ ಇಟ್ಟು ನೋಡಿದಾಗ ಫಿಲಮೆಂಟ್ ನಸುಗೆಂಪಗೆ ಕಂಡಿತು. ಉಳಿದೆರಡರ ಬೆಳಕು ಸ್ವಲ್ಪ ಇಳಿದಿತ್ತು, ಅದನ್ನೂ ಮೊದಲ ಸುತ್ತಿನಲ್ಲಿ ನಾವು ಗಮನಿಸಿರಲಿಲ್ಲ. ಆರಿದ್ದನ್ನೇ ದಿಟ್ಟಿಸುತ್ತಿದ್ದೆವಲ್ಲ.

ಅರ್ಥ ಏನು? ಎರಡನೇ ಫೀಡರ್‌ನಲ್ಲಿ ಗಟ್ಟಿ ಫಾಲ್ಟ್ ಇದೆ, ಜೊತೆಗೆ ಅದೇ ಆರ್ ಫೇಸ್‌ನಲ್ಲಿ ಬೇರೆಲ್ಲೋ ಇನ್ನೊಂದು, ಅಷ್ಟು ಗಟ್ಟಿಯಲ್ಲದ ಫಾಲ್ಟ್ ಇದೆ. ಎರಡೂ ಒಂದೇ ಫೇಸ್‌ನಲ್ಲಿ ಇದ್ದದ್ದರಿಂದ ಶಾರ್ಟ್ ಆಗಿಲ್ಲ. ಒಂದು ತೆಗೆದರೆ ಇನ್ನೊಂದು ಹಿಡಿದುಕೊಳ್ಳುತ್ತಿತ್ತು. ಆನ್-ಆಫ್ ಮಾಡುತ್ತಾ ಹೋದರೆ ಜನ್ಮದಲ್ಲಿ ಸಿಗುವುದಿಲ್ಲ.

ಎರಡನೇದನ್ನು ಆಫ್‌ನಲ್ಲೇ ಬಿಟ್ಟು ಮುಂದೆ ಹೋದೆವು. ಮೂರು, ನಾಲ್ಕು ಆಫ್, 68 ಹಾಗೇ. ಐದು ಆಫ್ ಮಾಡಿದಾಗ ಆರ್ 238, ಮೂರೂ ಬಲ್ಬ್ ಒಂದೇ ಮಂಕಿಗೆ ಬಂದವು. ಒಂದು, ಮೂರು, ನಾಲ್ಕು ಆನ್ ಮಾಡಿದೆವು, ಆರನೇದು ಆನ್ ಇತ್ತು, ಎಲ್ಲ ಸಮನಾಗಿಯೇ ಉಳಿದವು. ಎರಡು ಮತ್ತು ಐದು, ಅಷ್ಟೇ.

ಹಾಗಾಗಿ ನಿಯಮ ಇದು: ಆಫ್ ಮಾಡಿದ್ದನ್ನು ಆನ್ ಮಾಡದೆ ಮುಂದುವರಿಯಿರಿ, ಸಮ ಆಗುವವರೆಗೆ. ಆಮೇಲೆ ಒಂದೊಂದೇ ಆನ್ ಮಾಡುತ್ತಾ ವಾಪಸ್ ಬನ್ನಿ. ಪ್ರತಿ ಸಲವೂ ಮೀಟರ್ ಸಂಖ್ಯೆ ಬರೆದುಕೊಳ್ಳಿ. ಎಲ್ಲ ಫೀಡರ್ ಆಫ್ ಆದಮೇಲೂ ಬಲ್ಬ್ ಸಮ ಆಗದಿದ್ದರೆ ಮಾತ್ರ ಬಸ್‌ಬಾರ್, ಇನ್‌ಕಮಿಂಗ್ ಕೇಬಲ್, ಟ್ರಾನ್ಸ್‌ಫಾರ್ಮರ್ ಅನ್ನಿ.

ಇನ್ನೊಂದು ಜಾಗದಲ್ಲಿ ಎಡವುತ್ತೇವೆ. ಫೀಡರ್ ಆನ್ ಇದ್ದರೂ ಮೋಟಾರ್‌ನ ಕಾಂಟ್ಯಾಕ್ಟರ್ ತೆರೆದಿದ್ದರೆ ಆ ಮೋಟಾರ್‌ನ ಫಾಲ್ಟ್ ಕಾಣುವುದೇ ಇಲ್ಲ. ಬಲ್ಬ್ ಆಗಾಗ ಆರುತ್ತದೆ, ಮತ್ತೆ ಹತ್ತುತ್ತದೆ ಅನ್ನುವ ದೂರು ಬಂದರೆ, ಆ ಹೊತ್ತಿಗೆ ಯಾವ ಮೋಟಾರ್, ಯಾವ ಹೀಟರ್ ಒಳಗೆ ಬಂತು ಅಂತ ಶಿಫ್ಟ್‌ನವರಿಂದ ಬರೆಸಿ. ಎರಡು ದಿನದಲ್ಲಿ ಹೆಸರು ಸಿಗುತ್ತದೆ.

## ಆರನೇ ಹಂತ: ಮೆಗ್ಗರ್

ಫೀಡರ್ ಸಿಕ್ಕಮೇಲೆ ಲೈವ್ ಕೆಲಸ ಮುಗಿಯಿತು. ಆಫ್ ಮಾಡಿ, ಬೀಗ ಹಾಕಿ, ಮೂರೂ ಫೇಸ್‌ನಲ್ಲಿ ಪವರ್ ಇಲ್ಲ ಅಂತ ಖಚಿತ ಮಾಡಿ. ಡ್ರೈವ್ ಇದ್ದರೆ ಅದನ್ನು ಬಿಚ್ಚಿಬಿಡಿ, ಇಲ್ಲದಿದ್ದರೆ ಮೆಗ್ಗರ್ ಅದನ್ನು ಹಾಳು ಮಾಡುತ್ತದೆ. ಆಮೇಲೆ 500 ವೋಲ್ಟ್ ಮೆಗ್ಗರ್. ಮೊದಲು ಕೇಬಲ್ ಮತ್ತು ಮೋಟಾರ್ ಸೇರಿಸಿ, ಕೆಟ್ಟದ್ದು ಬಂದರೆ ಮೋಟಾರ್ ಟರ್ಮಿನಲ್‌ನಲ್ಲಿ ಬಿಚ್ಚಿ ಎರಡನ್ನೂ ಬೇರೆ ಬೇರೆಯಾಗಿ. ಮೋಟಾರ್ ಕಡೆ ಮೂರೂ ಲೀಡ್ ಒಂದೇ ತರ ಕೆಟ್ಟದ್ದು ತೋರಿಸುತ್ತವೆ, ಒಳಗೆ ವೈಂಡಿಂಗ್ ಮೂಲಕ ಎಲ್ಲ ಜೋಡಣೆ ಆಗಿದೆಯಲ್ಲ. ಯಾವ ಫೇಸ್ ಅನ್ನುವ ಮಾಹಿತಿ ಉಪಯೋಗಕ್ಕೆ ಬರುವುದು ಕೇಬಲ್‌ನಲ್ಲಿ.

ಆ ರಾತ್ರಿ ಎರಡನೇ ಫೀಡರ್‌ನಲ್ಲಿ ಸಿಕ್ಕಿದ್ದು ಗ್ಲ್ಯಾಂಡ್‌ನ ಬಾಯಲ್ಲಿ ಸವೆದ ಆರ್ ಕೋರ್, ತಾಮ್ರ ನೇರ ಆರ್ಮರ್‌ಗೆ ತಾಗಿತ್ತು. ಐದನೆಯದರಲ್ಲಿ ಪಂಪ್ ಮೋಟಾರ್‌ನ ಟರ್ಮಿನಲ್ ಬಾಕ್ಸ್, ಗ್ಯಾಸ್ಕೆಟ್ ಇಲ್ಲ, ತಳದಲ್ಲಿ ನೀರು, ಆರ್ ಸ್ಟಡ್‌ನಿಂದ ಬಾಡಿಯವರೆಗೆ ಕಪ್ಪು ಗೆರೆ. ಅದನ್ನು ಒರೆಸಿ ಒಣಗಿಸಿದಾಗ ಮೆಗ್ಗರ್ ಸ್ವಲ್ಪ ಏರಿತು, ಆದರೆ ಟರ್ಮಿನಲ್ ಬೋರ್ಡ್ ಬದಲಾಯಿಸಿದಮೇಲೇ ಸರಿಯಾಯಿತು. ಇಂಗಾಲದ ಗೆರೆ ಬಿದ್ದಮೇಲೆ ಒರೆಸುವುದರಿಂದ ಪ್ರಯೋಜನ ಇಲ್ಲ.

## ಬಲ್ಬ್ ಎಲ್ಲಿ ಸೋಲುತ್ತದೆ

ಮೂರೂ ಫೇಸ್‌ಗಳ ಇನ್ಸುಲೇಷನ್ ಒಟ್ಟಿಗೆ, ಸಮನಾಗಿ ಇಳಿದರೆ ಬಲ್ಬ್ ಕೂಡ ಮೀಟರ್ ಕೂಡ ಏನೂ ಹೇಳುವುದಿಲ್ಲ. ಮಳೆಗಾಲದಲ್ಲಿ ಇಡೀ ಕೇಬಲ್ ಟ್ರೆಂಚ್ ನೀರು ಕುಡಿದಾಗ ಹೀಗಾಗಬಹುದು. ಅರ್ತ್ ನಡುವೆಯೇ ಇರುತ್ತದೆ, ರೀಡಿಂಗ್ 240, 240, 240. ಅದನ್ನು ಹಿಡಿಯಲು ಮೆಗ್ಗರ್ ಅಥವಾ ಲೈನ್‌ನಲ್ಲೇ ಇನ್ಸುಲೇಷನ್ ಅಳೆಯುವ ಮಾನಿಟರ್ ಬೇಕು. ಹಾಗೆಯೇ ಡ್ರೈವ್‌ನ ಒಳಗೆ ಡಿಸಿ ಕಡೆಯಲ್ಲಿ ಅರ್ತ್ ಆದರೆ ಮಾಮೂಲಿ ಲೆಕ್ಕಕ್ಕೆ ಹೊಂದದ ರೀಡಿಂಗ್ ಬರುತ್ತವೆ. ಮೇಲೆ ಹೇಳಿದ ಯಾವ ನಮೂನೆಗೂ ಸೇರದ ಸಂಖ್ಯೆ ಕಂಡರೆ ಮೊದಲು ಡ್ರೈವ್‌ಗಳ ಫೀಡರ್ ಆಫ್ ಮಾಡಿ ನೋಡಿ.

ಕೆಲಸ ಮುಗಿದಮೇಲೆ ಎಲ್ಲ ಫೀಡರ್ ಆನ್ ಮಾಡಿ, ಎಲ್ಲ ಮೋಟಾರ್ ಓಡುವಾಗ ಮತ್ತೆ ಆರು ರೀಡಿಂಗ್ ತೆಗೆದು ಬಾಗಿಲ ಒಳಗಿನ ಹಾಳೆಯ ಜೊತೆ ಹೋಲಿಸಿ. ನಮಗೆ ಆ ರಾತ್ರಿ 238, 241, 240 ಬಂತು. ಮರುದಿನ ಬಲ್ಬ್‌ಗಳನ್ನು 15 ವ್ಯಾಟ್‌ಗೆ ಇಳಿಸಿ, ಅರ್ತ್ ತಂತಿಯಲ್ಲಿ ಬಟನ್ ಹಾಕಿದೆವು. ಆಗ ಬಿ ಬಲ್ಬ್ ಉಳಿದೆರಡಕ್ಕಿಂತ ಒಂದು ಚೂರು ಮಂಕಾಗಿದ್ದದ್ದು ಮೊದಲ ಸಲ ಕಂಡಿತು, ಬಟನ್ ಒತ್ತಿದರೆ ಸಮ ಆಗುತ್ತಿತ್ತು. ಈ ಸಲ ಬಲ್ಬ್ ಬದಲಾಯಿಸಲಿಲ್ಲ. ಸೀದಾ ಫೀಡರ್‌ಗಳ ಹತ್ತಿರ ಹೋದೆವು.